ಜಾಯಿಕಾಯಿ ಪುಡಿ ಮಾರಾಟ ನಿಲ್ಲಿಸಿರುವ ಬಗ್ಗೆ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರಿಯ 50 ಗ್ರಾಂ ಜಾಯಿಕಾಯಿ ಪುಡಿ ಡಬ್ಬಿ ಇನ್ನು ಮುಂದೆ ಸಿಗುವುದಿಲ್ಲ. ಜಾಯಿಕಾಯಿ ಇಡಿಯಾಗಿ ಸಿಗುತ್ತದೆ, ಜಾಪತ್ರೆಯೂ ಎಂದಿನಂತೆಯೇ. ಪುಡಿ ಕೆಟ್ಟಿದೆ ಎಂದಲ್ಲ, ಕಲಬೆರಕೆಯೂ ಇಲ್ಲ. ಕಾರಣ ಬೇರೆ.

ಕಳೆದ ತಿಂಗಳು ನಮ್ಮ ಗ್ರಾಹಕರೊಬ್ಬರು ನಿದ್ದೆ ಬರಲೆಂದು ರಾತ್ರಿ ಒಂಬತ್ತಕ್ಕೆ ಹಾಲಿಗೆ ಒಂದು ಚಮಚ ಪುಡಿ ಗೋಪುರದ ಹಾಗೆ ತುಂಬಿ ಹಾಕಿಕೊಂಡು ಕುಡಿದರು. ಏನೂ ಆಗಲಿಲ್ಲ. ಹತ್ತೂವರೆಗೆ ಇನ್ನೊಂದು ಚಮಚ. ನಡುರಾತ್ರಿ ಎರಡರ ಹೊತ್ತಿಗೆ ಎದೆ ಡವಡವ, ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ವಾಕರಿಕೆ, ಏನೋ ಆಗಿಬಿಡುತ್ತದೆ ಎಂಬ ಭಯ. ಆಸ್ಪತ್ರೆಯಲ್ಲಿ ಒಂದು ದಿನ ಇದ್ದು ಹುಷಾರಾಗಿ ಬಂದರು.

ಅವರ ಹೊಟ್ಟೆಗೆ ಹೋದದ್ದು ಸುಮಾರು 6 ಗ್ರಾಂ, ಅಂದರೆ ಒಂದು ಇಡೀ ಜಾಯಿಕಾಯಿ. ಕಾಯಿಯ ಎಣ್ಣೆಯಲ್ಲಿರುವ ಮಿರಿಸ್ಟಿಸಿನ್ ಮತ್ತಿತರ ಅಂಶಗಳು ಹೆಚ್ಚಾದರೆ ನರಮಂಡಲವನ್ನು ಕೆಡಿಸುತ್ತವೆ. ದೊಡ್ಡವರಿಗೆ 5 ಗ್ರಾಂ ಆಸುಪಾಸಿನಲ್ಲೇ ತೊಂದರೆ ಶುರುವಾಗಬಹುದು. ಇನ್ನೂ ಹೆಚ್ಚಾದರೆ ಭ್ರಮೆ, ಮಂಪರು. ಎಣ್ಣೆ ಕಾಯಿಯಿಂದ ಕಾಯಿಗೆ ಬೇರೆಯಾಗುವುದರಿಂದ, ಇಷ್ಟರವರೆಗೆ ಏನೂ ಆಗದು ಎಂದು ಗೆರೆ ಎಳೆದು ಹೇಳಲಾಗದು. ಸಾವು ಅಪರೂಪ, ಆದರೆ ಒಂದೆರಡು ದಿನ ನರಳುವುದು ಅಪರೂಪವಲ್ಲ.

ನಿಜವಾದ ಮೋಸ ಇರುವುದು ಸಮಯದಲ್ಲಿ. ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಆರು ಗಂಟೆ ಬೇಕು. ಅಷ್ಟರಲ್ಲಿ 'ಕೆಲಸ ಮಾಡಲಿಲ್ಲ' ಎಂದು ಎರಡನೇ ಚಮಚ ಹೋಗಿರುತ್ತದೆ. ಇಡೀ ಕಾಯಿಯಾದರೆ ತುರಿಯಲೇ ಬೇಸರ ಬಂದು ಕೈ ನಿಲ್ಲುತ್ತದೆ. ಡಬ್ಬಿಗೆ ಚಮಚ ಇಳಿಸಿದರೆ ಕೈ ನಿಲ್ಲುವುದೇ ಇಲ್ಲ. ನಾವು ಪುಡಿ ಬಿಟ್ಟದ್ದು ಇದಕ್ಕೇ.

ಅಡುಗೆಗೆ ಹೆದರಬೇಡಿ. ಹತ್ತು ಜನರ ಪಾಯಸಕ್ಕೆ ಕಾಲು ಕಾಯಿ ತುರಿದರೂ ಒಬ್ಬರ ಪಾಲಿಗೆ 0.15 ಗ್ರಾಂ ಬರುತ್ತದೆ.

ಕೂಸುಗಳ ಮಾತು ಬೇರೆ. ಮಗು ರಾತ್ರಿ ಮಲಗಲೆಂದು ಸಾಣೆಕಲ್ಲಿನ ಮೇಲೆ ತೇದು ನೆಕ್ಕಿಸುವ ರೂಢಿ ನಮ್ಮ ಮನೆಗಳಲ್ಲೂ ಇದೆ. ಎಷ್ಟು ತೇದೆವು ಎಂಬ ಲೆಕ್ಕ ಅಲ್ಲಿ ಯಾರಿಗೂ ಇರುವುದಿಲ್ಲ, ಮಗುವಿನ ಮೈತೂಕವೋ ಮೂರ್ನಾಲ್ಕು ಕಿಲೋ. ಅಜ್ಜಿಯರು ಬೇಸರಿಸಿಕೊಂಡರೂ ಸರಿ, ಇದಕ್ಕಾಗಿ ನಮ್ಮ ಕಾಯಿ ಕೊಳ್ಳಬೇಡಿ. ಬಸುರಿಯರೂ ಔಷಧಿಯೆಂದು ತೆಗೆದುಕೊಳ್ಳುವುದು ಬೇಡ.

ಯಾರಾದರೂ ಹೆಚ್ಚು ತಿಂದಿದ್ದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ವಾಂತಿ ಮಾಡಿಸಲು ಹೋಗಬೇಡಿ. ಇದಕ್ಕೆಂದೇ ಪ್ರತಿವಿಷವಿಲ್ಲ, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕಾಣಿಸುವುದೂ ಇಲ್ಲ. ಹಾಗಾಗಿ 'ಜಾಯಿಕಾಯಿ ತಿಂದಿದ್ದಾರೆ, ಇಂತಿಷ್ಟು, ಇಷ್ಟು ಗಂಟೆಗೆ' ಎಂದು ವೈದ್ಯರಿಗೆ ನೀವೇ ಹೇಳಬೇಕು.

ಮನೆಯಲ್ಲಿ ಹಳೆಯ ಡಬ್ಬಿ ಉಳಿದಿದ್ದರೆ ಅಂಗಡಿಗೆ ತನ್ನಿ. ತೆರೆದಿದ್ದರೂ ಪರವಾಗಿಲ್ಲ, ಅದೇ ಬೆಲೆಯ ಇಡೀ ಕಾಯಿ ಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ