ಹನ್ನೊಂದು ಬೇಡ ಅಪ್ಪ, ನಾಲ್ಕು ಗುಡಿ ಸಾಕು

ಫೋಂಡಾ, ಗೋವಾ

ತೀರ್ಥರೂಪರಾದ ಅಪ್ಪ, ಅವ್ವ ಇಬ್ಬರಿಗೂ ನಮಸ್ಕಾರಗಳು.

ಇಲ್ಲಿ ಎಲ್ಲರೂ ಆರಾಮ. ಗೋವಾಕ್ಕೆ ಹೊರಟರೆ ಪರದೇಶಕ್ಕೆ ಹೊರಟ ಹಾಗೆ ಅಂತ ಅಜ್ಜಿ ಇನ್ನೂ ಹೇಳ್ತಾ ಇದ್ದಾಳಾ?

ಅಪ್ಪ, ನೀವು ಕಳಿಸಿದ ಪಟ್ಟಿ ನೋಡಿದೆ. ಮೂರು ದಿನಕ್ಕೆ ಹನ್ನೊಂದು ಗುಡಿ! ಏಳನ್ನು ಹೊಡೆದು ಹಾಕಿದ್ದೇನೆ, ಸಿಟ್ಟಾಗಬೇಡಿ. ಹೋದ ವರ್ಷ ಚಿಕ್ಕಪ್ಪ ಬಂದಾಗ ಇದೇ ತಪ್ಪು ಮಾಡಿದೆ. ಮಂಗೇಶಿ, ಮಾರ್ದೋಳ, ಕವಳೆ, ರಾಮನಾಥಿ, ಬಾಂದೋಡೆ ಎಲ್ಲವೂ ಇಲ್ಲಿಂದ ಹತ್ತಿರವೇ. ಹತ್ತಿರ ಇವೆಯಲ್ಲ ಅಂತ ಒಂದೇ ದಿನ ಆರು ಗುಡಿ ಸುತ್ತಿದೆವು. ರಾತ್ರಿ ಫೋಟೋ ನೋಡಲು ಕೂತರೆ ಯಾವುದು ಯಾವ ಗುಡಿ ಅಂತ ಒಬ್ಬರಿಗೂ ಗೊತ್ತಾಗಲಿಲ್ಲ. "ಎಲ್ಲಾ ಬಿಳಿ ಗುಮ್ಮಟ, ಎಲ್ಲಾ ಹೆಂಚು" ಅಂದರು ಚಿಕ್ಕಮ್ಮ. ತಪ್ಪು ಗುಡಿಗಳದ್ದಲ್ಲ. ನಾಲ್ಕನೆಯದರ ಹೊತ್ತಿಗೆ ನಮ್ಮ ಕಣ್ಣು ನೋಡುವುದನ್ನೇ ಬಿಟ್ಟಿತ್ತು.

ಈ ಸಲ ಮೊದಲ ದಿನ ತಾಂಬಡಿ ಸುರ್ಲ ಒಂದೇ. ಅನಮೋಡ ಘಾಟಿನ ಬುಡದ ಕಾಡಿನಲ್ಲಿ, ಹೊಳೆ ದಂಡೆಯ ಮೇಲಿದೆ. ಕದಂಬರ ಕಾಲದ ಪುಟ್ಟ ಮಹಾದೇವನ ಗುಡಿ, ಕರಿಕಲ್ಲಿನದ್ದು. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಅದಕ್ಕೇ ಬೆಳಿಗ್ಗೆ ಬೇಗ ಹೊರಡೋಣ. ಎಳೆ ಬಿಸಿಲು ಒಳಗೆ ಬರುವಾಗ ಮಂಟಪದ ಛತ್ತಿನಲ್ಲಿ ಕೆತ್ತಿದ ಕಮಲ ಚೆನ್ನಾಗಿ ಕಾಣುತ್ತದೆ. ನಮ್ಮ ಲಕ್ಕುಂಡಿ ನೋಡಿದವರಿಗೆ ಮಂಟಪ, ಕಂಬ ಎಲ್ಲ ಗುರುತಿನವೇ ಅನ್ನಿಸುತ್ತವೆ. ಆದರೆ ಹೊರಗೋಡೆ ಮುಟ್ಟಿ ನೋಡಿ. ಲಕ್ಕುಂಡಿಯ ಕಲ್ಲು ಮೆದು, ಉಳಿ ಹೇಳಿದಂತೆ ಕೇಳುತ್ತದೆ. ಅದಕ್ಕೇ ಅಲ್ಲಿ ಬೆರಳಿಡಲು ಜಾಗ ಇಲ್ಲದಷ್ಟು ಕೆತ್ತನೆ. ಇಲ್ಲಿಯ ಕಲ್ಲು ಗಟ್ಟಿ. ಹಾಗಾಗಿ ಗೋಡೆ ಬಹುಪಾಲು ಬೋಳು, ಕೆತ್ತನೆ ಹೆಚ್ಚಾಗಿ ಶಿಖರ, ಕಂಬ, ಛತ್ತುಗಳಲ್ಲಿ.

ಎರಡನೇ ದಿನ ಮಂಗೇಶಿ, ಮಾರ್ದೋಳ. ಪೋರ್ಚುಗೀಸರ ಕಾಟಕ್ಕೆ 16ನೇ ಶತಮಾನದಲ್ಲಿ ಹೊಳೆಗಳ ಆಚೆ ದಡದ ದೇವರುಗಳನ್ನು ಹೊತ್ತುಕೊಂಡು ಈ ಕಡೆ ಬಂದರಲ್ಲ, ಮಂಗೇಶನನ್ನು 1560ರಲ್ಲಿ ಕುಶಸ್ಥಳಿಯಿಂದ ತಂದದ್ದು. ಇವತ್ತು ಕಾಣುವ ಕಟ್ಟಡ ಆಮೇಲಿನದು. ಇಲ್ಲಿ ಸಿಗುವ ಕಲ್ಲು ಕರಾವಳಿಯವರು ಮುರಕಲ್ಲು ಅನ್ನುತ್ತಾರಲ್ಲ, ಅದು. ಮೈತುಂಬ ತೂತು. ಅದರಲ್ಲಿ ಒಂದು ಮೂಗು ಕೆತ್ತಿದರೂ ನಿಲ್ಲುವುದಿಲ್ಲ. ಅದಕ್ಕೆ ಗೋಡೆ ಕಟ್ಟಿ, ಗಾರೆ ಬಳಿದು, ಬಣ್ಣ ಹಚ್ಚಿದರು. ಹೊಯ್ಸಳ ಗುಡಿ ನೋಡಿದ ಹಾಗೆ ಗೋಡೆಗೆ ಮೂಗು ತಾಗಿಸಿ ಹುಡುಕಿದರೆ ಇಲ್ಲಿ ಏನೂ ಸಿಗುವುದಿಲ್ಲ, ಸುಮ್ನೆ ಬೇಜಾರಾಗುತ್ತದೆ. ದೂರದಿಂದ ನೋಡಬೇಕು.

ಮಂಗೇಶಿಯ ಅಂಗಳದಲ್ಲಿ ಏಳು ಅಂತಸ್ತಿನ ದೀಪಸ್ತಂಭ ಇದೆ. ಅಲ್ಲಿಂದ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲಿ. ಮುಂದೆ ಸಭಾಮಂಟಪದ ಇಳಿಜಾರು ಹೆಂಚು, ಹಿಂದೆ ಗರ್ಭಗುಡಿಯ ಮೇಲೆ ಎಂಟು ಮೂಲೆಯ ಗೋಪುರ, ಅದರ ನೆತ್ತಿಗೆ ಗುಮ್ಮಟ, ತುದಿಗೆ ಕಳಸ. ಗೋಪುರದ ಕಮಾನು, ಗೋಡೆಗಂಬ, ಕಟಕಟೆ ನೋಡಿದರೆ ಹಳೆ ಗೋವಾದ ಇಗರ್ಜಿ ನೆನಪಾಗುತ್ತದೆ. ನೆಲದ ನಕ್ಷೆ ಮಾತ್ರ ಹಿಂದೂ ಗುಡಿಯದೇ, ಮಂಟಪ ದಾಟಿ ಒಳಗೆ ಹೋದ ಹಾಗೆ ಕತ್ತಲು ಹೆಚ್ಚುತ್ತದೆ. ಮಾರ್ದೋಳದಲ್ಲಿ ಒಂದನ್ನೇ ನೋಡೋಣ, ಆಮೆಯ ಬೆನ್ನ ಮೇಲೆ ನಿಂತ ಎತ್ತರದ ಹಿತ್ತಾಳೆ ದೀಪಸ್ತಂಭ. ಹತ್ತೂವರೆಯೊಳಗೆ ಮುಗಿಸಿ ಮನೆಗೆ ಬಂದು ಊಟ, ನಿದ್ದೆ. ಸಂಜೆಗೆ ಗುಡಿ ಇಲ್ಲ.

ಮೂರನೇ ದಿನ ಬಾಂದೋಡೆಯ ನಾಗೇಶಿ. ಅಪ್ಪ, ಇದು ನಿಮಗೋಸ್ಕರ. ಈ ಗುಡಿ ಎಲ್ಲಿಂದಲೂ ಬಂದದ್ದಲ್ಲ, ಮೊದಲಿನಿಂದ ಇಲ್ಲೇ ಇದ್ದದ್ದು. ವಿಜಯನಗರದ ದೇವರಾಯನ ಕಾಲದ, 1413ರ ಶಾಸನ ಇದೆ. ಕಲ್ಲಿನಲ್ಲಿ ಆಗದ ಕೆತ್ತನೆ ಎಲ್ಲಿಗೆ ಹೋಯಿತು ಅನ್ನುವುದೂ ಇಲ್ಲಿ ಗೊತ್ತಾಗುತ್ತದೆ: ಸಭಾಮಂಟಪದಲ್ಲಿ ಮೇಲ್ಗಡೆ ಮರದ ಪಟ್ಟಿಗಳಲ್ಲಿ ರಾಮಾಯಣದ ಕಥೆ ಇದೆ. ಕತ್ತು ನೋಯುವವರೆಗೆ ನೋಡಿ, ಆಮೇಲೆ ಮುಂದಿನ ಕೆರೆಯ ಮೆಟ್ಟಿಲ ಮೇಲೆ ಕೂತುಬಿಡೋಣ. ಅವ್ವನ ಮೊಣಕಾಲಿಗೂ ಅದೇ ಒಳ್ಳೆಯದು.

ದಣಿವು ಬಂತು ಅಂತ ತಿಳಿಯುವುದಕ್ಕೆ ನನ್ನದೊಂದು ಗುರುತು ಇದೆ. ನೋಡುವ ಮೊದಲೇ ಮೊಬೈಲ್ ಎತ್ತಿದಿರಿ ಅಂದರೆ ಅವತ್ತಿಗೆ ಸಾಕು, ಮನೆಗೆ. ಚಿಕ್ಕಪ್ಪ ಆರನೇ ಗುಡಿಯಲ್ಲಿ ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಫೋಟೋ ತೆಗೆದು ವಾಪಸ್ ಬಂದಿದ್ದರು.

ಮಂಗೇಶಿಯಲ್ಲಿ ಸೋಮವಾರ ಪಲ್ಲಕ್ಕಿ, ಜನ ಜಾಸ್ತಿ. ಅವ್ವನಿಗೆ ಅದು ಬೇಕೇ ಬೇಕು ಅಂದರೆ ಭಾನುವಾರದ ಟಿಕೆಟ್ ತೆಗೆಸಿ, ಸೋಮವಾರ ಬೆಳಿಗ್ಗೆ ತಾಂಬಡಿ ಸುರ್ಲ ಮುಗಿಸಿ ಸಂಜೆ ಪಲ್ಲಕ್ಕಿಗೆ ಹೋಗೋಣ. ಕಟ್ಟಡ ನೋಡುವುದು ಮಂಗಳವಾರ. ಬರುವಾಗ ಕಟಕ ರೊಟ್ಟಿ, ಶೇಂಗಾ ಚಟ್ನಿ ಮರೆಯಬೇಡ ಅವ್ವ.

ನಿಮ್ಮ ಮಗಳು