ದೊಡ್ಡಮ್ಮನ ಎಂಟು ವಾಕ್ಯಗಳ ಕತೆ ಮುಗಿಯಿತು

ಕತೆ ಮುಗಿಯಿತು. ಹದಿನಾಲ್ಕು ತಿಂಗಳು ಹಿಡಿಯಿತು. ಈ ಮಾತನ್ನು ಮೊದಲು ಹೇಳಬೇಕಾದವರಿಗೆ ಫೋನ್ ಮಾಡಿ ಹೇಳಿದ್ದಾಯಿತು. ಆದರೂ ಅವರು ಏನು ಮಾಡಿದರು ಅಂತ ಬರೆದಿಡಬೇಕು ಅನ್ನಿಸಿದೆ.

ನನ್ನ ದೊಡ್ಡಮ್ಮ ಪಾಂಡವಪುರದ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದರು. ಅವರು ಹೋದ ಮೇಲೆ ಅತ್ತಿಗೆಗೆ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಅದರ ಒಂದು ಪುಟವನ್ನು ಫೋಟೊ ತೆಗೆದು ನನಗೆ ಕಳಿಸಿದರು. ಆ ಮಳೆಗಾಲದಲ್ಲಿ ಮನೆ ಸೋರಿ ನೋಟ್‌ಬುಕ್ಕೇ ನೆಂದು ಮುದ್ದೆಯಾಯಿತು. ಉಳಿದದ್ದು ಆ ಫೋಟೊ ಮಾತ್ರ. ಅದರಲ್ಲಿ ಇದ್ದದ್ದು ಇಷ್ಟು:

"ಆಲೆಮನೆಗೆ ಬೆಂಕಿ ಹಾಕಿ ಮೂರು ದಿನವಾಗಿತ್ತು. ಹೊಗೆ ನಮ್ಮ ಹಿತ್ತಿಲವರೆಗೂ ಬರುತ್ತಿತ್ತು. ಚಿಕ್ಕಪ್ಪ ದಿನದ ಕೆಲಸ ಮುಗಿದ ಮೇಲೆ ಬೆಲ್ಲದ ಉಂಡೆ ಎಣಿಸಿ, ಒಂದೊಂದಕ್ಕೂ ಗೋಡೆಯ ಮೇಲೆ ಇದ್ದಿಲಲ್ಲಿ ಒಂದೊಂದು ಗೀಟು ಎಳೆಯುತ್ತಿದ್ದರು. ಆ ಸಂಜೆ ಗೀಟು ನಲವತ್ತು ಇತ್ತು. ಉಂಡೆ ಮೂವತ್ತೆಂಟು ಇತ್ತು. ಎರಡು ಸಲ ಎಣಿಸಿದೆ. ಅಪ್ಪನಿಗೆ ಹೇಳಲಿಲ್ಲ. ಊಟಕ್ಕೆ ಕರೆದರು, ಹೋದೆ."

ಅಲ್ಲಿಗೆ ಪುಟ ಮುಗಿಯುತ್ತದೆ. ಮುಂದೆ ಏನಾಯಿತು ಅಂತ ಗೊತ್ತಿರುವವರು ಯಾರೂ ಇಲ್ಲ. ಅದಕ್ಕೇ ನಾನು ಮುಂದುವರಿಸಿದೆ.

ಮೊದಲ ಕೃತಜ್ಞತೆ ನನ್ನ ಗೆಳತಿಗೆ. ಮೊದಲ ಕರಡನ್ನು ಅವಳು ಗಟ್ಟಿಯಾಗಿ ಓದಿದಳು. ದೊಡ್ಡಮ್ಮನ ಭಾಗ ಮುಗಿದು ನನ್ನ ಭಾಗ ಶುರುವಾದ ಕೂಡಲೇ ನಿಲ್ಲಿಸಿದಳು. "ಇಲ್ಲಿಂದ ಬೇರೆ ಯಾರೋ ಮಾತಾಡ್ತಿದ್ದಾರೆ" ಅಂದಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ನನ್ನ ಮೊದಲ ಪುಟದಲ್ಲಿ "ನಾನು" ಅಂತ ಇರುವ ಕಡೆಯೆಲ್ಲ ಸುತ್ತು ಹಾಕಿದಳು. ಹದಿನಾಲ್ಕು ಸುತ್ತು. ದೊಡ್ಡಮ್ಮನ ಎಂಟು ವಾಕ್ಯಗಳಲ್ಲಿ "ನಾನು" ಒಂದು ಸಲವೂ ಇಲ್ಲ. ಎಣಿಸಿದೆ, ಹೋದೆ. ಕ್ರಿಯಾಪದದ ಕೊನೆಯೇ ಯಾರು ಅಂತ ಹೇಳಿಬಿಡುತ್ತದೆ. ಹೇಳುತ್ತಿರುವುದು ಹುಡುಗನೋ ಹುಡುಗಿಯೋ ಅನ್ನುವುದು ಕೂಡ ಗೊತ್ತಾಗುವುದಿಲ್ಲ. ಮಗು ತನ್ನನ್ನು ಮುಂದೆ ಮಾಡಿಕೊಳ್ಳದೆ ಬರೀ ನೋಡುತ್ತದೆ. ಆ ದನಿ ಬಂದಿರುವುದೇ ಇದರಿಂದ.

ಎರಡನೆಯದನ್ನೂ ಅವಳೇ ತೋರಿಸಿದಳು. ನಾನು "ಎದೆ ಢವಢವ ಎನ್ನುತ್ತಿತ್ತು" ಅಂತ ಬರೆದಿದ್ದೆ. ದೊಡ್ಡಮ್ಮ ಭಯದ ಹೆಸರು ಹೇಳುವುದಿಲ್ಲ. "ಎರಡು ಸಲ ಎಣಿಸಿದೆ" ಅನ್ನುತ್ತಾರೆ, ಅಷ್ಟೇ. ಆ ಎರಡನೇ ಎಣಿಕೆಯಲ್ಲೇ ಭಯ ಇದೆ. ಹಾಗಾಗಿ ಎದೆಬಡಿತವನ್ನು ಹೊಡೆದುಹಾಕಿ ಹೀಗೆ ಬರೆದೆ: "ಚೊಂಬು ತೊಳೆದೆ. ಅದನ್ನೇ ಮತ್ತೆ ತೊಳೆದೆ."

ಇದು ಸಿಕ್ಕಿದ ಮೇಲೆ ಬೇರೆ ತಪ್ಪು ಮಾಡಿದೆ. ಎಲ್ಲ ವಾಕ್ಯವನ್ನೂ ಪುಟ್ಟದು ಮಾಡಿಬಿಟ್ಟೆ. ಇತ್ತು, ಇತ್ತು, ಇತ್ತು. ಎರಡು ಪುಟ ಓದುವಷ್ಟರಲ್ಲಿ ತಮಟೆ ಬಡಿದ ಹಾಗೆ ಕೇಳುತ್ತಿತ್ತು. ಫೋಟೊ ಮತ್ತೆ ನೋಡಿದಾಗ ಗೊತ್ತಾಯಿತು, ದೊಡ್ಡಮ್ಮನ ಮೂರನೇ ವಾಕ್ಯ ಉದ್ದ. ಚಿಕ್ಕಪ್ಪ ಎಣಿಸುವುದು, ಗೀಟು ಎಳೆಯುವುದು ಎಲ್ಲ ಅದರಲ್ಲೇ ಇದೆ. ಉದ್ದ ವಾಕ್ಯ ಬರುವುದು ಕೈಕೆಲಸ ತೋರಿಸುವ ಕಡೆ. ತಾನು ಕಂಡದ್ದು, ಮಾಡಿದ್ದು ಹೇಳುವಾಗ ವಾಕ್ಯ ತುಂಡಾಗುತ್ತದೆ. ನಾನೂ ಅದನ್ನೇ ಹಿಡಿದುಕೊಂಡೆ. ಕಬ್ಬು ಅರೆಯುವುದು, ಕೊಪ್ಪರಿಗೆಯ ಮೇಲಿನ ನೊರೆ ತೆಗೆಯುವುದು ಬಂದಾಗ ವಾಕ್ಯವನ್ನು ಹರಿಯಲು ಬಿಟ್ಟೆ.

ಎರಡನೇ ಕೃತಜ್ಞತೆ ಅತ್ತಿಗೆಗೆ. ಇದನ್ನು ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಮೇಲೆ ಕೊಟ್ಟ ಪ್ಯಾರಾದಲ್ಲಿ "ಅಪ್ಪನಿಗೆ ಹೇಳಲಿಲ್ಲ" ಅಂತ ಇದೆಯಲ್ಲ, ನಾನು ಮೊದಲು ಓದಿಕೊಂಡದ್ದು ಹಾಗೆ. ಇಡೀ ಕತೆಯನ್ನು ಅದರ ಮೇಲೇ ಕಟ್ಟಿದ್ದೆ. ಅಪ್ಪನಿಂದ ಮುಚ್ಚಿಡುತ್ತದೆ ಅಂದರೆ ಮಗುವಿಗೆ ಅವ್ವನ ಮೇಲೆ ಅನುಮಾನ. ಉಂಡೆ ತೆಗೆದವಳು ಅವ್ವ. ಕತೆ ಮುಗಿದೇ ಹೋಗಿತ್ತು.

ಅತ್ತಿಗೆ ಅದನ್ನು ಓದಿ ಫೋನ್ ಮಾಡಿದರು. "ಅದು ಅಪ್ಪ ಅಲ್ಲ ಕಣೇ, ಅವ್ವ ಇರಬೇಕು. ಪುಸ್ತಕ ಕೈಲಿದ್ದಾಗ ಹಂಗೇ ಓದಿದ ನೆನಪು" ಅಂದರು. ಕೈಬರಹದಲ್ಲಿ "ಪ"ಗೂ "ವ"ಗೂ ನಡುವೆ ಇರುವುದು ತಲೆಯ ಹತ್ತಿರ ಒಂದು ಸಣ್ಣ ಸಂದು. ನನ್ನ ಫೋನಿನಲ್ಲಿದ್ದ ಫೋಟೊ ಎಷ್ಟು ಹಿಗ್ಗಿಸಿದರೂ ಅಲ್ಲಿ ಬರೀ ಬೂದು ಕಲೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ. ಅತ್ತಿಗೆ ತಮ್ಮ ಫೋನಿನಲ್ಲಿದ್ದ ಮೂಲ ಫೋಟೊವನ್ನು ಅಳಿಸಿರಲಿಲ್ಲ. ಅದನ್ನೇ ಈ ಸಲ ಡಾಕ್ಯುಮೆಂಟ್ ಆಗಿ ಕಳಿಸಿದರು.

ಹಾಗೆ ಬಂದ ಫೋಟೊದಲ್ಲಿ ಹೋಲಿಸಿ ನೋಡಲು ಆಯಿತು. ಅದೇ ಪುಟದಲ್ಲಿ "ಚಿಕ್ಕಪ್ಪ" ಇದೆ. ಅಲ್ಲಿ ದೊಡ್ಡಮ್ಮ "ಪ"ದ ಸಂದನ್ನು ಚೆನ್ನಾಗಿ ಬಿಟ್ಟಿದ್ದಾರೆ. "ಹಿತ್ತಿಲವರೆಗೂ", "ನಲವತ್ತು" ಇವುಗಳ "ವ"ದಲ್ಲಿ ತಲೆಕಟ್ಟು ಕೂಡಿಕೊಂಡಿದೆ. ಅನುಮಾನದ ಅಕ್ಷರದಲ್ಲೂ ಕೂಡಿಕೊಂಡಿದೆ. ಅದು "ಅವ್ವನಿಗೆ ಹೇಳಲಿಲ್ಲ". ವಾಕ್ಯದ ಉಳಿದ ಪದಗಳಿಂದ ಇದು ಗೊತ್ತಾಗುವಂತಿರಲಿಲ್ಲ. "ಅಪ್ಪನಿಗೆ" ಅಂದರೂ ಸರಿ, "ಅವ್ವನಿಗೆ" ಅಂದರೂ ಸರಿ.

ಹಾಗಾದರೆ ಮಗುವಿಗೆ ಅನುಮಾನ ಅಪ್ಪನ ಮೇಲೆ. ಮೂರನೇ ಪುಟದಿಂದ ಮುಂದೆ ಎಲ್ಲವನ್ನೂ ಬಿಟ್ಟು ಹೊಸದಾಗಿ ಬರೆದೆ. ಆ ವಾರ ತುಂಬಾ ಕಷ್ಟವಾಯಿತು. ಆದರೆ ಈಗಿನ ಕತೆಯೇ ದೊಡ್ಡಮ್ಮನದು ಅಂತ ನನಗೆ ಅನುಮಾನವಿಲ್ಲದೆ ಅನ್ನಿಸುತ್ತದೆ. ಥ್ಯಾಂಕ್ಸ್ ಅತ್ತಿಗೆ. ನೀವು ಆ ಫೋಟೊ ಅಳಿಸಿದ್ದರೆ ತಪ್ಪು ಕತೆಯೇ ಉಳಿದುಬಿಡುತ್ತಿತ್ತು.

ಮೂರನೇ ಕೃತಜ್ಞತೆ ನಮ್ಮೂರಿನ ಹಿರಿಯರೊಬ್ಬರಿಗೆ. ವರ್ಷಗಟ್ಟಲೆ ಆಲೆಮನೆಯಲ್ಲಿ ಪಾಕ ನೋಡಿದವರು. ಜಗಲಿ ಮೇಲೆ ಕೂತು ಕತೆಯನ್ನು ಪೂರ್ತಿ ಕೇಳಿಸಿಕೊಂಡರು. ಒಲೆಗೆ ಸೌದೆ ಹಾಕುತ್ತಿದ್ದರು ಅಂತ ನಾನು ಬರೆದಿದ್ದೆ. "ಸೌದೆ ಯಾಕವ್ವಾ? ಹಾಲು ತೆಗೆದ ಕಬ್ಬಿನ ಸಿಪ್ಪೆನೇ ಒಣಗಿಸಿ ಹಾಕ್ತಿದ್ವಿ" ಅಂದರು. ಅಪ್ಪ ಆಗತಾನೆ ಸುರಿದ ಬೆಲ್ಲವನ್ನು ಎತ್ತಿಕೊಂಡು ಹೋಗುತ್ತಾನೆ ಅಂತಲೂ ಇತ್ತು. ಅದಕ್ಕೆ ತಲೆ ಅಲ್ಲಾಡಿಸಿದರು. ಕೊಪ್ಪರಿಗೆಯಿಂದ ಇಳಿಸಿದ ಪಾಕವನ್ನು ಮುಟ್ಟುವ ಹಾಗೇ ಇಲ್ಲ. ಸುರಿದು, ಕೈಯಾಡಿಸಿ, ಅಂಗೈ ತಡೆಯುವಷ್ಟು ಬಿಸಿ ಇಳಿದ ಮೇಲೆ ಉಂಡೆ ಕಟ್ಟಬೇಕು. "ಹಸಿ ಉಂಡೆ ಬಟ್ಟೇಲಿ ಕಟ್ಟಿದ್ರೆ ಅಂಟ್ಕತದೆ" ಅಂದರು.

ಆ ಒಂದು ಮಾತು ನನಗೆ ಕತೆಯ ಬೀಗದ ಕೈ ಕೊಟ್ಟಿತು. ಅಪ್ಪನೇ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು ಅಂತ ತಿಂಗಳುಗಟ್ಟಲೆ ಒದ್ದಾಡಿದ್ದೆ. ಈಗ ಹೀಗಿದೆ:

"ಅಪ್ಪನ ಟವೆಲ್ಲು ಗೂಟದಲ್ಲಿತ್ತು. ಇರುವೆ ಸಾಲು ಬಾಗಿಲ ಸಂದಿಯಿಂದ ಹೊರಟು, ಗೋಡೆ ಹತ್ತಿ, ಗೂಟ ಬಳಸಿ ಟವೆಲ್ಲಿನ ಒಂದು ಮೂಲೆಗೆ ಹೋಗುತ್ತಿತ್ತು. ಕೊಡವಿದೆ. ಒದ್ದೆ ಮಾಡಿ ಉಜ್ಜಿದೆ. ಮತ್ತೆ ಅದೇ ಗೂಟಕ್ಕೆ ಹಾಕಿದೆ."

ಆ ಎರಡು ಉಂಡೆ ಹೋಗಿದ್ದು ಅತ್ತೆಯ ಮನೆಗೆ. ಮನೆಯವರೆಲ್ಲ ಮಾತು ಬಿಟ್ಟಿದ್ದ, ಆಗ ಬಾಣಂತಿಯಾಗಿದ್ದ ಅಪ್ಪನ ತಂಗಿಗೆ. ಇದನ್ನು ಕತೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದೇನೆ, ಅದೂ ಅವ್ವನ ಬಾಯಲ್ಲಿ. ಅವ್ವನಿಗೆ ಮೊದಲೇ ಗೊತ್ತಿತ್ತು. ಕೊನೆಯಲ್ಲಿ ಮಗು ರಾತ್ರಿ ಎದ್ದು ಆಲೆಮನೆಯ ಗೋಡೆ ಹತ್ತಿರ ಹೋಗುತ್ತದೆ: "ಎರಡು ಗೀಟು ಒರೆಸಿದೆ. ಕೈ ಕಪ್ಪಾಯಿತು."

ಮುದ್ರಿಸಿದ ಹತ್ತು ಪ್ರತಿಗಳು ಈ ವಾರ ಎಲ್ಲರಿಗೂ ತಲುಪುತ್ತವೆ. ಮೊದಲ ಪುಟಕ್ಕೆ ಆ ಫೋಟೊವನ್ನೇ ಹಾಕಿಸಿದ್ದೇನೆ. ಕೆಳಗಿನ ಅಂಚಿನಲ್ಲಿ ಪುಟ ಹಾರದಂತೆ ಒತ್ತಿಹಿಡಿದ ಅತ್ತಿಗೆಯ ಹೆಬ್ಬೆರಳು ಕಾಣುತ್ತದೆ. ಪ್ರೆಸ್ಸಿನವರು ಅದನ್ನು ಕತ್ತರಿಸಲೇ ಅಂತ ಕೇಳಿದರು. ಬೇಡ, ಇರಲಿ ಅಂದೆ.