ಮೇಲ್ಸೇತುವೆಯ ಬುಡದಲ್ಲೇ ನಿಂತುಹೋಗುವ ಹಳದಿ ದಾರಿ: ಸಂಸದರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ ಗೌರವಪೂರ್ವಕ ನಮಸ್ಕಾರಗಳು.

ನನ್ನ ಸೋದರತ್ತೆಗೆ ಈಗ 68 ವರ್ಷ. ಗ್ಲಾಕೋಮಾದಿಂದ ಅವರ ಎರಡೂ ಕಣ್ಣಿನ ದೃಷ್ಟಿ ಹೋಗಿ 9 ವರ್ಷಗಳಾದವು. ಉಡುಪಿಯಲ್ಲಿರುವ ಮಗಳ ಮನೆಗೆ ಅವರು ಎರಡು ಮೂರು ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗುತ್ತಾರೆ. ನಿಲ್ದಾಣದ ಬಾಗಿಲಿನಿಂದ ಬೋಗಿಯವರೆಗೆ ಅವರನ್ನು ಕರೆದೊಯ್ಯುವವನು ನಾನು. ಆ ನಿಲ್ದಾಣದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನ್ನ ಕೋರಿಕೆ ನಮ್ಮ ಕರಾವಳಿಯ ಎಲ್ಲ ನಿಲ್ದಾಣಗಳಿಗೂ ಸಂಬಂಧಿಸಿದ್ದು.

ನಿಲ್ದಾಣದ ನೆಲದಲ್ಲಿ ಕೂರಿಸಿರುವ, ಸುಮಾರು ಒಂದಡಿ ಚೌಕದ ಹಳದಿ ಟೈಲ್ಸ್‌ಗಳನ್ನು ತಾವು ನೋಡಿರುತ್ತೀರಿ. ಅವುಗಳಲ್ಲಿ ಎರಡು ಬಗೆಯಿದೆ. ಉದ್ದುದ್ದ ಉಬ್ಬು ಗೆರೆಗಳಿರುವ ಟೈಲ್ಸ್ ‘ಈ ದಿಕ್ಕಿನಲ್ಲಿ ನಡೆ’ ಎನ್ನುತ್ತದೆ. ದುಂಡು ಚುಕ್ಕಿಗಳಿರುವುದು ‘ನಿಲ್ಲು, ಮುಂದೆ ಮೆಟ್ಟಿಲಿದೆ, ತಿರುವಿದೆ ಅಥವಾ ಪ್ಲಾಟ್‌ಫಾರ್ಮಿನ ಅಂಚಿದೆ’ ಎನ್ನುತ್ತದೆ. ಜಪಾನಿನಲ್ಲಿ 1967ರಲ್ಲಿ ಮೊದಲು ರಸ್ತೆಗಿಳಿದ ಈ ಟೈಲ್ಸ್‌ಗಳು ಅತ್ತೆಯವರಂಥವರಿಗೆ ಪಾದದಿಂದಲೂ ಬಿಳಿ ಕೋಲಿನಿಂದಲೂ ಓದುವ ಬರಹ. ಬರಹದಲ್ಲಿ ತಪ್ಪಾದರೆ ಅರ್ಥವೇ ಕೆಡುತ್ತದೆ.

ನಮ್ಮ ನಿಲ್ದಾಣದಲ್ಲಿ ಆಗಿರುವುದು ಅದೇ. ಟಿಕೆಟ್ ಕೌಂಟರಿನ ಮುಂದೆ ನೆಲ ಅಗೆದು ದುರಸ್ತಿ ಮಾಡಿದ ಬಳಿಕ ಗೆರೆಯ ಟೈಲ್ಸ್‌ಗಳಲ್ಲಿ ಕೆಲವನ್ನು ಅಡ್ಡಡ್ಡಲಾಗಿ ಕೂರಿಸಿದ್ದಾರೆ. ಗೆರೆ ನೇರವಾಗಿದ್ದರೆ ಕೋಲಿನ ತುದಿ ಅದರ ಗುಂಟ ಜಾರುತ್ತಾ ಹೋಗುತ್ತದೆ, ಅಡ್ಡವಾಗಿದ್ದರೆ ಕಟಕಟ ಎಂದು ತಡೆಯುತ್ತದೆ. ಕಳೆದ ಸಲ ಅತ್ತೆ ಅಲ್ಲಿಯೇ ನಿಂತು, ‘ತಮಾ, ದಾರಿ ಇಲ್ಲಿ ತಿರುಗಿತಾ?’ ಎಂದು ಕೇಳಿದರು. ದಾರಿ ತಿರುಗಿರಲಿಲ್ಲ. ನಾನಿಲ್ಲದಿದ್ದರೆ ಅವರು ಆ ಗೆರೆಗಳನ್ನೇ ನಂಬಿ ಗೋಡೆಯ ಕಡೆಗೆ ಹೋಗುತ್ತಿದ್ದರು. ಇನ್ನೂ ಹತ್ತು ಹೆಜ್ಜೆ ಮುಂದೆ ಅದೇ ಹಳದಿ ದಾರಿಯ ಮೇಲೆ ಒಂದು ಕಲ್ಲುಬೆಂಚಿದೆ. ಅದನ್ನು ಸುತ್ತುಹಾಕಿ ಮೇಲ್ಸೇತುವೆಯ ಬುಡಕ್ಕೆ ಬಂದರೆ, ಮೊದಲ ಮೆಟ್ಟಿಲಿಗಿಂತ ಮುಂಚೆ ಇರಬೇಕಾದ ಚುಕ್ಕಿಯ ಸಾಲೂ ಇಲ್ಲ, ಅಲ್ಲಿಂದಾಚೆ ದಾರಿಯೂ ಇಲ್ಲ.

ಅಲ್ಲಿಂದ ಮುಂದಿನದು ನಮ್ಮಿಬ್ಬರ ಜವಾಬ್ದಾರಿ. ಅತ್ತೆ ನನ್ನ ಮೊಣಕೈಯ ಮೇಲ್ಭಾಗವನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ನಾನು ಅವರನ್ನು ಹಿಡಿಯುವುದಿಲ್ಲ. ಹೀಗಿದ್ದರೆ ನನ್ನ ಮೈ ತಿರುಗುವುದು, ಏರುವುದು, ನಿಲ್ಲುವುದು ನನ್ನ ಮಾತಿಗಿಂತ ಮೊದಲೇ ಅವರ ಕೈಗೆ ತಿಳಿಯುತ್ತದೆ. ಮೆಟ್ಟಿಲ ಬಳಿ ನಾನು ಪೂರ್ತಿ ನಿಂತು, ‘ಮೇಲೇರುವ ಮೆಟ್ಟಿಲು, ಹಿಡಿಗಂಬಿ ನಿಮ್ಮ ಬಲಕ್ಕಿದೆ’ ಎಂದು ಹೇಳಿ ಒಂದು ಮೆಟ್ಟಿಲು ಮುಂದಿರುತ್ತೇನೆ, ಕೊನೆಯ ಮೆಟ್ಟಿಲಾದಾಗ ‘ಮುಗಿಯಿತು’ ಎನ್ನುತ್ತೇನೆ. ರೈಲು ಬಂದಾಗ ಅವರನ್ನು ಎತ್ತಿ ಹತ್ತಿಸುವುದಿಲ್ಲ. ಅವರ ಕೈಯನ್ನು ಬಾಗಿಲ ಕಂಬಿಯ ಮೇಲಿಡುತ್ತೇನೆ, ಸಂದು ಎಷ್ಟಿದೆ ಎಂದು ಅವರು ಕೋಲಿನಿಂದ ಅಳೆದು ತಾವೇ ಕಾಲಿಡುತ್ತಾರೆ. ಅದಕ್ಕೆ ಅರ್ಧ ನಿಮಿಷ ಸಾಕು. ಆದರೆ ಅಂಗವಿಕಲರ ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ತಿಳಿಯದಿದ್ದರೆ, ರೈಲು ನಿಲ್ಲುವ ಅಷ್ಟೂ ಹೊತ್ತು ಪ್ಲಾಟ್‌ಫಾರ್ಮಿನ ಮೇಲೆ ಓಡುವುದರಲ್ಲೇ ಕಳೆದುಹೋಗುತ್ತದೆ.

ಕಳೆದ ಸಲ ಹಾಗೆಯೇ ಆಯಿತು. ಬೋಗಿ ಎಲ್ಲಿ ಬರುತ್ತದೆ ಎಂದು ಅತ್ತೆ ಕೇಳಿದ್ದಕ್ಕೆ ಸಿಬ್ಬಂದಿಯೊಬ್ಬರು ಕೈ ಬೀಸಿ ‘ಅಲ್ಲಿ’ ಎಂದರು. ‘ಅಲ್ಲಿ ಅಂದರೆ ಎಲ್ಲಪ್ಪಾ?’ ಎಂದು ಅತ್ತೆ ಮತ್ತೆ ಕೇಳಿದರು. ರೈಲು ಬಂದೊಡನೆ ಅದೇ ವ್ಯಕ್ತಿ ನೆರವಾಗಲೆಂದೇ ಓಡಿಬಂದು ಅವರ ಕೋಲಿನ ತುದಿ ಹಿಡಿದು ಎಳೆದರು. ಅವರ ಮನಸ್ಸು ಒಳ್ಳೆಯದೆಂಬುದರಲ್ಲಿ ನನಗೆ ಸಂಶಯವಿಲ್ಲ; ಆದರೆ ಕೋಲು ಕೈತಪ್ಪಿದ ಆ ಗಳಿಗೆಯಲ್ಲಿ, ಪ್ಲಾಟ್‌ಫಾರ್ಮಿನ ಅಂಚು ಎಷ್ಟು ದೂರದಲ್ಲಿದೆ ಎಂಬುದು ಅತ್ತೆಗೆ ತಿಳಿಯದಂತಾಯಿತು. ನನ್ನ ತೋಳನ್ನು ಹಿಡಿದಿದ್ದ ಅವರ ಬೆರಳುಗಳು ನಡುಗುತ್ತಿದ್ದವು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 41ನೇ ಕಲಮು ರೈಲು ನಿಲ್ದಾಣಗಳಲ್ಲಿ ಅಂಗವಿಕಲರಿಗೆ ಸೌಲಭ್ಯಗಳನ್ನು ಮಾನದಂಡಕ್ಕೆ ತಕ್ಕಂತೆ ಒದಗಿಸಬೇಕೆಂದು ಹೇಳುತ್ತದೆ. ಆದ್ದರಿಂದ ತಾವು ರೈಲ್ವೆ ಅಧಿಕಾರಿಗಳೊಂದಿಗೆ ಕರಾವಳಿಯ ನಿಲ್ದಾಣಗಳನ್ನು ಪರಿಶೀಲಿಸುವಾಗ, ಬಿಳಿ ಕೋಲು ಬಳಸುವವರೊಬ್ಬರನ್ನು ಜೊತೆಗೆ ಕರೆದುಕೊಂಡು, ಬಾಗಿಲಿನಿಂದ ಬೋಗಿ ನಿಲ್ಲುವ ಜಾಗದವರೆಗೆ ಅವರನ್ನೇ ಮುಂದೆ ನಡೆಯಬಿಡಬೇಕೆಂದು ಕೋರುತ್ತೇನೆ. ಅವರ ಕೋಲು ಎಲ್ಲೆಲ್ಲಿ ತಡೆಯುತ್ತದೋ ಅಲ್ಲೆಲ್ಲ ದುರಸ್ತಿ ಆಗಬೇಕು. ಹಳದಿ ದಾರಿ ಮೇಲ್ಸೇತುವೆಯನ್ನು ದಾಟಿ ಅಂಗವಿಕಲರ ಬೋಗಿ ನಿಲ್ಲುವಲ್ಲಿಗೆ ಮುಟ್ಟಬೇಕು. ಸಿಬ್ಬಂದಿಗೆ ಅರ್ಧ ದಿನದ ತರಬೇತಿ ಕೊಡಿಸಿದರೂ ಸಾಕು: ಮೊದಲು ‘ಸಹಾಯ ಬೇಕೇ?’ ಎಂದು ಕೇಳುವುದು, ಮೊಣಕೈ ನೀಡುವುದು, ‘ಅಲ್ಲಿ’ ಎನ್ನುವ ಬದಲು ‘ನಿಮ್ಮ ಎಡಕ್ಕೆ ಇಪ್ಪತ್ತು ಹೆಜ್ಜೆ’ ಎನ್ನುವುದು.

ಮಳೆಗಾಲ ಮುಗಿದೊಡನೆ ಅತ್ತೆ ಮತ್ತೆ ಉಡುಪಿಗೆ ಹೊರಡುತ್ತಾರೆ. ಆ ವಾರ ನಾನು ಊರಿನಲ್ಲಿರುವುದಿಲ್ಲ. ಒಬ್ಬರೇ ಹೋಗುವುದಾಗಿ ಅವರು ಈಗಾಗಲೇ ಮಗಳಿಗೆ ಫೋನ್ ಮಾಡಿ ತಿಳಿಸಿದ್ದಾರೆ.

ಇಂತಿ,
ತಮ್ಮ ಕ್ಷೇತ್ರದ ಮತದಾರ